ಯಜಮಾನಿಕೆಯ ವಿಸರ್ಜನೆ
(ಬಾನುಲಿ ಭಾಷಣ)



ಬ್ರಹ್ಮಚರ್ಯ, ಗಾರ್ಹಸ್ಥ್ಯ, ವಾನಪ್ರಸ್ಥ, ಸಂನ್ಯಾಸ ಎಂಬ ನಾಲ್ಕು ಆಶ್ರಮಗಳ ಹೆಸರನ್ನು ಕೇಳದವರು ನಮ್ಮ ನಾಡಿನಲ್ಲಿ ವಿರಳ. ನೂರು ವರ್ಷಗಳ ಪೂರ್ಣಾಯುಸ್ಸನ್ನು ಕಲ್ಪಿಸಿ, ಅದನ್ನು 25ರಂತೆ ನಾಲ್ಕು ಪಾಲು ಮಾಡಿ, ಒಂದೊಂದು ಪಾಲಿಗೆ ಒಂದೊಂದು ಆಶ್ರಮವನ್ನು ಹಚ್ಚಿ ಹೇಳುವುದು ಶಾಲೆಯ ಪಾಠಗಳಲ್ಲಿಯೂ ಹರಿಕಥೆಗಳಲ್ಲಿಯೂ ರೂಢಿಯಾಗಿರುವುದು. ಲೆಕ್ಕವೇನೋ ಅಚ್ಚುಕಟ್ಟಾಗಿದೆ, ಆದರೆ ನೂರು ವರ್ಷ ಬದುಕುವೆನೆಂಬ ಭರವಸೆಯನ್ನು ಯಾರಿಗೆ ಯಾರು ಕೊಟ್ಟಿದ್ದಾರೆ? ಆಯುಸ್ಸಿನ ಎರಡನೆಯ ಭಾಗವನ್ನು ಮನೆಯಲ್ಲಿಯೂ ಮೂರನೆಯ ಭಾಗವನ್ನು ವನದಲ್ಲಿಯೂ ಕಳೆಯಬೇಕೆಂದು ವಿಧಿಸಿದ ಮನುವೇ, ಗೃಹಸ್ಥನು ಮನೆ ಬಿಡುವ ಕಾಲವನ್ನು ಸೂಚಿಸುವಾಗ ಮಾತ್ರ ವರ್ಷಗಳ ಎಣಿಕೆಗೆ ಕೈಹಾಕದೆ, ದೇಹವನ್ನೂ ಮನೆಯನ್ನೂ ನೋಡಿಕೊಳ್ಳುವಂತೆ ಹೇಳುತ್ತಾನೆ: ತೊಗಲು ಸುಕ್ಕುಗಟ್ಟಿರಬೇಕು, ತಲೆ ನರೆತಿರಬೇಕು, ಮಗನ ಮಗ ಕಣ್ಣೆದುರಿಗೆ ಆಡುತ್ತಿರಬೇಕು. ಮೊದಲಿನ ಎರಡು ಗುರುತುಗಳು ತಾವಾಗಿ ಬರುವಂಥವು. ಮೂರನೆಯದು ಮನೆತನ ಮುಂದುವರಿಯಿತೆಂಬುದಕ್ಕೆ ಸಾಕ್ಷಿ. ಮಗನು ತಾನೂ ಒಬ್ಬ ಗೃಹಸ್ಥನಾದನೆಂಬುದಕ್ಕೆ, ಎಂದರೆ ಒಂದೇ ಸೂರಿನ ಕೆಳಗೆ ಈಗ ಇಬ್ಬರು ಯಜಮಾನರು ಇದ್ದಾರೆಂಬುದಕ್ಕೆ, ಅದಕ್ಕಿಂತ ಸ್ಪಷ್ಟವಾದ ಪ್ರಮಾಣ ಬೇರೆ ಬೇಕಿಲ್ಲ.

ಈ ನಾಲ್ಕು ಆಶ್ರಮಗಳು ಆದಿಯಿಂದಲೂ ಒಂದರ ಮೇಲೊಂದು ಕಟ್ಟಿದ ಮೆಟ್ಟಿಲುಗಳಾಗಿದ್ದುವೆಂದು ತಿಳಿಯುವುದು ಸರಿಯಲ್ಲ. ಪ್ರಾಚೀನ ಧರ್ಮಸೂತ್ರಗಳನ್ನು ತೆರೆದು ನೋಡಿದರೆ, ವೇದಾಧ್ಯಯನ ಮುಗಿಸಿದ ಯುವಕನ ಮುಂದೆ ನಾಲ್ಕು ದಾರಿಗಳಿದ್ದು, ಅವುಗಳಲ್ಲಿ ಒಂದನ್ನು ಆತನು ಆರಿಸಿಕೊಂಡು ಕಡೆಯ ತನಕ ಅದರಲ್ಲಿಯೇ ನಡೆಯುತ್ತಿದ್ದನೆಂಬ ಪಕ್ಷವು ಕಾಣುವುದು. ಗೌತಮನಂತೂ ಇನ್ನೂ ಕಟ್ಟುನಿಟ್ಟಿನವನು. ವೇದವು ಪ್ರತ್ಯಕ್ಷವಾಗಿ ವಿಧಿಸಿರುವುದು ಗಾರ್ಹಸ್ಥ್ಯವೊಂದನ್ನೇ ಆದಕಾರಣ ನಿಜವಾದ ಆಶ್ರಮ ಅದೊಂದೇ ಎಂಬ ಆಚಾರ್ಯರ ಮತವನ್ನು ಆತನು ಎತ್ತಿ ಹೇಳುತ್ತಾನೆ. ಒಂದಾದ ಮೇಲೊಂದನ್ನು ಹಿಡಿಯಬೇಕೆಂಬ ಕ್ರಮವು ಮನುವಿನ ಕಾಲಕ್ಕೆ ಬಲಗೊಂಡಿತು. ಇತ್ತ ಜಾಬಾಲೋಪನಿಷತ್ತು ಆ ಕ್ರಮವನ್ನು ಹೇಳಿದ ಮರುಗಳಿಗೆಯಲ್ಲಿಯೇ, ವೈರಾಗ್ಯ ಹುಟ್ಟಿದ ದಿನವೇ ಹೊರಡಬಹುದೆಂದು ಬಾಗಿಲನ್ನು ತೆರೆದಿಟ್ಟಿತು. ಹೀಗೆ ಸಮುಚ್ಚಯ, ವಿಕಲ್ಪ, ಬಾಧ ಎಂಬ ಮೂರು ಪಕ್ಷಗಳು ಹುಟ್ಟಿದುವು. ಈ ಮೂರನ್ನೂ ಒಂದೆಡೆ ಇಟ್ಟು ತೂಗಿ, ಮೂರಕ್ಕೂ ಶ್ರುತಿಯ ಆಧಾರವುಂಟೆಂದು ತೀರ್ಮಾನಿಸಿದವನು ನಮ್ಮ ಕನ್ನಡ ನಾಡಿನ ಕಲ್ಯಾಣದಲ್ಲಿ, 1076ರಿಂದ 1126ರ ವರೆಗೆ ಆಳಿದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ, ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ.

ಆ ವಿಜ್ಞಾನೇಶ್ವರನನ್ನು ಇಂದು ನಮ್ಮ ಜನ ಬಲ್ಲದ್ದು ಆಶ್ರಮಧರ್ಮದ ಮೂಲಕವಲ್ಲ, ಆಸ್ತಿಯ ಪಾಲಿನ ಮೂಲಕ. ಕೋರ್ಟಿನ ಮೆಟ್ಟಿಲು ಹತ್ತಿದವರಿಗೆ ಮಿತಾಕ್ಷರವೆಂದರೆ ಅವಿಭಕ್ತ ಕುಟುಂಬದ ಕಾನೂನು. ಎರಡು ವಿಷಯಗಳು ಒಂದೇ ಗ್ರಂಥದಲ್ಲಿರುವುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ಗೃಹಸ್ಥನು ಸಂನ್ಯಾಸದ ಕಡೆಗೆ ಇಡುವ ಮೊದಲ ಹೆಜ್ಜೆ ಕಾಡಿನ ಕಡೆಗಲ್ಲ, ಪಾಲಿನ ಪತ್ರದ ಕಡೆಗೆ. ಬೃಹದಾರಣ್ಯಕದ ಯಾಜ್ಞವಲ್ಕ್ಯನು ಮನೆ ಬಿಡಲು ಮನಸ್ಸು ಮಾಡಿದಾಗ ಮೈತ್ರೇಯಿಯನ್ನು ಕರೆದು ಮೊದಲು ಆಡಿದ್ದು ಬ್ರಹ್ಮವಿದ್ಯೆಯ ಮಾತಲ್ಲ. ನಿನಗೂ ಕಾತ್ಯಾಯನಿಗೂ ನಡುವೆ ಇತ್ಯರ್ಥ ಮಾಡಿಕೊಡುತ್ತೇನೆಂಬ ವ್ಯವಹಾರದ ಮಾತು. ಆ ಹಣದಿಂದ ಅಮೃತತ್ವ ಸಿಕ್ಕೀತೇ ಎಂದು ಮೈತ್ರೇಯಿ ಕೇಳಿದ ಮೇಲೆ ತಾನೆ ಉಪದೇಶ ಮೊದಲಾದದ್ದು.

ಇದನ್ನು ನಮ್ಮ ಸುತ್ತಿನ ಒಂದು ದೃಷ್ಟಾಂತದಲ್ಲಿ ಇಟ್ಟು ನೋಡೋಣ. ಮಂಡ್ಯದ ಮಗ್ಗುಲಿನ ಗುತ್ತಲಿನಲ್ಲಿ ಒಬ್ಬ ವೃದ್ಧ ರೈತನಿದ್ದಾನೆಂದು ಭಾವಿಸಿರಿ. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯ, ಮದ್ದೂರು, ಮಳವಳ್ಳಿಗಳ ಹೊಲಗಳನ್ನು ಗದ್ದೆಗಳನ್ನಾಗಿ ಮಾಡಿದ ಮೇಲೆ, ರಾಗಿ ಬೆಳೆಯುತ್ತಿದ್ದವನು ಕಬ್ಬು ಬೆಳೆದನು. ಸಕ್ಕರೆ ಕಾರ್ಖಾನೆಯ ಬಟವಾಡೆಯಿಂದ ನಗದು ಹಣವನ್ನು ಕಂಡನು. ಆತನಿಗೆ ಪಿತ್ರಾರ್ಜಿತವಾದ 5 ಎಕರೆ ಗದ್ದೆ, ಮೂವರು ಗಂಡುಮಕ್ಕಳು, ಪತ್ನಿ. ಮಿತಾಕ್ಷರದ ಮತದಲ್ಲಿ ಮಕ್ಕಳಿಗೆ ಈ ಗದ್ದೆಯ ಹಕ್ಕು ಬರುವುದು ತಂದೆ ಸತ್ತ ಮೇಲಲ್ಲ, ತಾವು ಹುಟ್ಟಿದೊಡನೆ. ಆದಕಾರಣ ತಂದೆಯು ವೈರಾಗ್ಯದ ಭರದಲ್ಲಿ ಅದನ್ನೆಲ್ಲ ಯಾವುದೋ ಮಠಕ್ಕೆ ಧಾರೆಯೆರೆದು ಹೊರಟುಬಿಡುವಂತಿಲ್ಲ. ತಾನು ಸ್ವಂತ ದುಡಿಮೆಯಿಂದ ಗಳಿಸಿದ್ದರಲ್ಲಿ ಹಂಚುವಾಗ ತನಗೆ ಎರಡು ಪಾಲು ಇಟ್ಟುಕೊಳ್ಳಬಹುದು. ಪಿತ್ರಾರ್ಜಿತದಲ್ಲಿ ಮಾತ್ರ ತಂದೆಗೂ ಮಕ್ಕಳಿಗೂ ಸಮಪಾಲು. ಹಾಗೆ ಸಮವಾಗಿ ಹಂಚುವ ತಂದೆಯು, ಸ್ತ್ರೀಧನವನ್ನು ಮೊದಲೇ ಪಡೆಯದ ಪತ್ನಿಗೂ ಮಗನಿಗೆ ಸಮನಾದ ಅಂಶವನ್ನು ಕೊಡತಕ್ಕದ್ದೆಂಬುದು ಯಾಜ್ಞವಲ್ಕ್ಯನ ವಿಧಿ. ಅಲ್ಲಿಗೆ 5 ಎಕರೆ ಐದು ಪಾಲಾಗಿ, ಗಂಡುಮಕ್ಕಳಿಗೆ ತಲೆಗೆ 1 ಎಕರೆ, ತಂದೆಗೆ 1, ತಾಯಿಗೆ 1 ಎಂದಾಯಿತು. ಈ ಕಡೆಯ 1 ಎಕರೆಯನ್ನು ಕೊಂಚ ನಿಂತು ನೋಡಬೇಕು. ಮನೆ ಬಿಡುವವನ ಹೆಂಡತಿ ಸೊಸೆಯ ಕೈ ನೋಡಿಕೊಂಡು ಕೂರಬಾರದೆಂಬ ಎಚ್ಚರ ಅದರಲ್ಲಿ ಅಡಗಿದೆ. ದಕ್ಷಿಣದ ವ್ಯವಹಾರದಲ್ಲಿ ಈ ಅಂಶ ಕಾಲಕ್ರಮದಲ್ಲಿ ಬಳಕೆ ತಪ್ಪಿಹೋದುದು ನಮ್ಮ ದುರ್ದೈವವೇ ಸರಿ. ಗ್ರಂಥದಲ್ಲಿದ್ದ ಔದಾರ್ಯವನ್ನು ಬಳಕೆಯಲ್ಲಿ ಅಳಿಸಿಹಾಕುವುದರಲ್ಲಿ ನಾವು ಎಂದೂ ಹಿಂದೆ ಬಿದ್ದವರಲ್ಲ.

ತಂದೆ ಬದುಕಿರುವಾಗ ಯಾವ ಯಾವ ಸಂದರ್ಭದಲ್ಲಿ ಪಾಲಾಗಬಹುದೆಂದು ವಿಜ್ಞಾನೇಶ್ವರನು ವಿಚಾರಿಸುವಾಗ ಬರುವ ಒಂದು ಮಾತು ನಮ್ಮ ಪ್ರಸ್ತುತ ವಿಷಯಕ್ಕೆ ಕೀಲಿನಂತಿದೆ. ತಂದೆ ತಾನಾಗಿ ಇಷ್ಟಪಟ್ಟಾಗ ಪಾಲಾಗುವುದು ಸರಿಯಷ್ಟೆ. ಅದಲ್ಲದೆ, ತಾಯಿಗೆ ಇನ್ನು ಮಕ್ಕಳಾಗುವ ಕಾಲ ಕಳೆದು, ತಂದೆಯು ದ್ರವ್ಯದಲ್ಲಿ ನಿಃಸ್ಪೃಹನಾದಾಗ, ಆತನು ಬೇಡವೆಂದರೂ ಮಕ್ಕಳು ಪಾಲನ್ನು ಪಡೆಯಬಹುದು. ಎಂದರೆ, ಆಸೆ ಬತ್ತಿದ ಮೇಲೂ ಯಜಮಾನಿಕೆಯನ್ನು ಮಾತ್ರ ಬಿಡದೆ ಕೂತಿರುವ ತಂದೆಯೊಬ್ಬನಿರಬಹುದೆಂದು ಶಾಸ್ತ್ರಕಾರರು ಮೊದಲೇ ಊಹಿಸಿದ್ದರು. ಅಂಥವರನ್ನು ಕಾಣಲು ನಾವು ಕಲ್ಯಾಣದ ವರೆಗೆ ಹೋಗಬೇಕಾಗಿಲ್ಲ. ಈ ಸೀಮೆಯ ಹಳ್ಳಿಯೊಂದರಲ್ಲಿ, ಜಗುಲಿಯ ಮೇಲೆ ಗೋಡೆಗೊರಗಿ ಕುಳಿತಿದ್ದ ಹಿರಿಯರೊಬ್ಬರನ್ನು, "ಗೌಡ್ರೇ, ಈಗ ಮನೆ ಯಜಮಾನಿಕೆ ಯಾರದು?" ಎಂದು ಕೇಳಿದೆನು. "ದೊಡ್ಡವಂದೇ ಸ್ವಾಮಿ. ನಾನು ಎಲ್ಲಾ ಬುಟ್ಬುಟ್ಟಿವ್ನಿ. ಹೊತ್ತೊತ್ತಿಗೆ ಹಿಟ್ಟು ಹಾಕುದ್ರೆ ಸಾಕು" ಎಂದರು. ಆ ಮಾತು ಮುಗಿಯುವಷ್ಟರಲ್ಲಿ ಆ ದೊಡ್ಡ ಮಗ ಗದ್ದೆಯಿಂದ ಬಂದು, "ಅಪ್ಪ, ಬಿತ್ತನೆ ಕಬ್ಬಿನವನು ಬಂದವ್ನೆ" ಎಂದು ತಲೆ ತಗ್ಗಿಸಿ ನಿಂತನು. ಹಿರಿಯರು ಎಷ್ಟು ಕಟ್ಟು, ಏನು ದರ, ಹೋದ ಸಾರಿ ಎಷ್ಟು ಕೊಟ್ಟಿದ್ದೆವು ಎಂದು ಒಂದೊಂದಾಗಿ ಕೇಳಿ, ಉತ್ತರಗಳು ಒಪ್ಪಿಗೆಯಾದ ಮೇಲೆ ಉಡಿದಾರಕ್ಕೆ ಕಟ್ಟಿದ್ದ ಪೆಟ್ಟಿಗೆಯ ಬೀಗದ ಕೈಯನ್ನು ಬಿಚ್ಚಿಕೊಟ್ಟರು, ಮಗ ಹಣ ಎಣಿಸಿಕೊಂಡು ಹೊರಬರುವ ವರೆಗೂ ಬೇರೆ ಮಾತಾಡಲಿಲ್ಲ, ಬೀಗದ ಕೈ ಮತ್ತೆ ಉಡಿದಾರ ಸೇರಿದ ಮೇಲೆ, "ಎಲ್ಲಿಗೆ ಬಂದಿದ್ವಿ ಸ್ವಾಮಿ?" ಎಂದರು. ಆ ಮಗನ ಕಿವಿಯ ಮೇಲೂ ನರೆ ಇಣುಕಿತ್ತು.

ನಗುವುದಕ್ಕಾಗಿ ಇದನ್ನು ಹೇಳಲಿಲ್ಲ. ಗದ್ದೆಯ ಬದುವಿನಲ್ಲಿ ಬೆನ್ನು ಬಗ್ಗಿಸಿ ಗಳಿಸಿದವನಿಗೆ ಆ ಬೀಗದ ಕೈ ಬರಿಯ ಕಬ್ಬಿಣವಲ್ಲ. ಅದನ್ನು ಕೊಟ್ಟ ಮರುದಿನದಿಂದ ತನ್ನ ಮಾತಿಗೆ ಬೆಲೆಯಿರುವುದೇ ಎಂಬ ಅಳುಕು ಸಹಜವಾದದ್ದು. ಮೂರನೆಯ ಆಶ್ರಮ ಹುಟ್ಟಿದ್ದು ಈ ಅಳುಕಿಗೆ ಪರಿಹಾರವಾಗಿಯೇ ಎಂದು ನನ್ನ ತಿಳಿವಳಿಕೆ. ಪುರಾತನ ವಾನಪ್ರಸ್ಥನು ಮನೆಯಿಂದ ದೂರ ಸರಿದನೇ ಹೊರತು ಎಲ್ಲವನ್ನೂ ಬಿಡಲಿಲ್ಲ. ಅಗ್ನಿಯನ್ನು ಜೊತೆಗೆ ಕೊಂಡೊಯ್ದನು. ಪತ್ನಿ ಬಯಸಿದರೆ ಅವಳೂ ಬಂದಳು, ಇಲ್ಲವಾದರೆ ಮಕ್ಕಳ ಬಳಿ ಉಳಿದಳು. ಉತ್ತ ನೆಲದ ಧಾನ್ಯವನ್ನು ಬಿಟ್ಟು ತಾನಾಗಿ ಬೆಳೆದ ಕಾಡುಧಾನ್ಯ, ಗೆಡ್ಡೆಗೆಣಸು, ಹಣ್ಣುಗಳನ್ನು ಉಂಡು, ಅದರಲ್ಲಿಯೇ ಬಂದ ಅತಿಥಿಗೂ ಕೊಟ್ಟು, ನೆಲದ ಮೇಲೆ ಮಲಗಿ, ವರ್ಷದಿಂದ ವರ್ಷಕ್ಕೆ ಬೇಕುಗಳನ್ನು ಕಡಿಮೆ ಮಾಡುತ್ತ ಬಂದನು. ಮನೆಯೂ ಅಲ್ಲದ, ಸಂನ್ಯಾಸವೂ ಅಲ್ಲದ ಆ ನಡುವಿನ ಕಾಲದಲ್ಲಿ, ತಾನಿಲ್ಲದೆ ಮನೆ ನಡೆಯುವುದೆಂಬುದನ್ನು ಆತನೂ ಕಂಡುಕೊಂಡನು, ಮನೆಯವರೂ ಕಂಡುಕೊಂಡರು.

ಆದರೆ ಈ ನಡುವಿನ ಮೆಟ್ಟಿಲೇ ಮೊದಲು ಕುಸಿದದ್ದು. ಕಲಿಯುಗದಲ್ಲಿ ವರ್ಜ್ಯವಾದ ಆಚಾರಗಳ ಪಟ್ಟಿಯನ್ನು ಪುರಾಣ ನಿಬಂಧಗಳು ಕೊಡುತ್ತವಷ್ಟೆ. ಆ ಕಲಿವರ್ಜ್ಯಗಳಲ್ಲಿ ವಾನಪ್ರಸ್ಥವೂ ಸೇರಿತು. ಕೆಲವು ಪಟ್ಟಿಗಳು ಸಂನ್ಯಾಸವನ್ನೂ ಸೇರಿಸಿದುವು. ಆದರೆ ವೇದವೂ ವರ್ಣವಿಭಾಗವೂ ಇರುವ ತನಕ ಸಂನ್ಯಾಸ ನಡೆಯಬಹುದೆಂಬ ರಿಯಾಯಿತಿಯನ್ನು ಪಂಡಿತರು ಕಂಡುಹಿಡಿದರು. ವಾನಪ್ರಸ್ಥಕ್ಕೆ ಅಂಥ ವಕೀಲರು ಸಿಗಲಿಲ್ಲ. ಗೃಹಸ್ಥನ ಮುಂದೆ ಉಳಿದದ್ದು ಎರಡೇ: ಒಂದೋ ಸಾಯುವ ತನಕ ಯಜಮಾನಿಕೆ, ಇಲ್ಲವೋ ಒಮ್ಮೆಗೇ ಕಾಷಾಯ.

ಇಲ್ಲಿ ಮನುವಿನ ಇನ್ನೊಂದು ಮಾತು ಉಪಕಾರಕ್ಕೆ ಬರುವುದು. ಅದನ್ನು ನಮ್ಮ ಉಪನ್ಯಾಸಕಾರರು ಏಕೋ ಎತ್ತುವುದೇ ಇಲ್ಲ. ಋಷಿಋಣವನ್ನು ಅಧ್ಯಯನದಿಂದ, ದೇವಋಣವನ್ನು ಯಜ್ಞದಿಂದ, ಪಿತೃಋಣವನ್ನು ಸಂತಾನದಿಂದ ತೀರಿಸಿದ ಗೃಹಸ್ಥನು ಎಲ್ಲವನ್ನೂ ಮಗನಿಗೆ ಒಪ್ಪಿಸಿ, ಅದೇ ಮನೆಯಲ್ಲಿ ತಟಸ್ಥನಾಗಿ ಇರಬಹುದೆಂದು ಆತನು ನಾಲ್ಕನೆಯ ಅಧ್ಯಾಯದ ಕೊನೆಯಲ್ಲಿ ಹೇಳುತ್ತಾನೆ. ಆರನೆಯ ಅಧ್ಯಾಯದಲ್ಲಿ ಇಂಥವನನ್ನು ವೇದಸಂನ್ಯಾಸಿಕನೆಂದು ಕರೆದು, ಕರ್ಮಗಳನ್ನು ಬಿಟ್ಟು ಮಗನ ಐಶ್ವರ್ಯದಲ್ಲಿ ಸುಖವಾಗಿ ವಾಸಿಸಲೆಂದು ಅಪ್ಪಣೆ ಕೊಡುತ್ತಾನೆ. ಐಶ್ವರ್ಯವೆಂದರೆ ಇಲ್ಲಿ ಒಡೆತನ. ಮನೆ ಅದೇ, ಜಗುಲಿ ಅದೇ, ಉಣ್ಣುವ ತಟ್ಟೆಯೂ ಅದೇ. ಒಡೆಯ ಮಾತ್ರ ಮಗ. ಕಾಡಿಗೆ ಹೋಗುವುದಕ್ಕಿಂತ ಇದು ಸುಲಭವೆಂದು ಯಾರಾದರೂ ಎಣಿಸಿದರೆ ಒಂದು ಬೆಳೆಯ ಕಾಲ ಪ್ರಯೋಗ ಮಾಡಿ ನೋಡಲಿ. ಕಾಡಿನಲ್ಲಿರುವವನಿಗೆ ಮಗನು ನಾಲೆಯ ನೀರಿನ ಸರದಿಯನ್ನು ತಪ್ಪಿಸಿಕೊಂಡದ್ದು ಕಾಣುವುದಿಲ್ಲ. ಜಗುಲಿಯ ಮೇಲಿರುವವನಿಗೆ ಕಾಣುತ್ತದೆ, ಕಂಡೂ ಬಾಯಿ ಮುಚ್ಚಿಕೊಂಡಿರಬೇಕು. ಕೇಳಿದರೆ ಹೇಳುವುದು, ಕೇಳದಿದ್ದರೆ ಸುಮ್ಮನಿರುವುದು. ಸಾಲ ಮಾಡುವಾಗ ರುಜುವಿಗೆ ತನ್ನನ್ನು ಕರೆಯಲಿಲ್ಲವೆಂದು ಮುನಿಯದಿರುವುದು. ಸೊಸೆಯಂದಿರ ವ್ಯಾಜ್ಯಕ್ಕೆ ತೀರ್ಪುಗಾರನಾಗದಿರುವುದು. ಈ ವ್ರತ ನಡೆಯುತ್ತಿದೆಯೇ ಇಲ್ಲವೇ ಎಂಬುದನ್ನು ತಿಳಿಯಲು ವೃದ್ಧನನ್ನು ಕೇಳಿ ಪ್ರಯೋಜನವಿಲ್ಲ, ಮನೆಗೆ ಬಂದ ವ್ಯಾಪಾರಿ ಯಾರ ಮುಖ ನೋಡಿ ಮಾತಾಡುತ್ತಾನೆಂಬುದನ್ನು ನೋಡಬೇಕು.

ಧರ್ಮಶಾಸ್ತ್ರಗಳ ಆಶ್ರಮವಿಧಿಯು ದ್ವಿಜರನ್ನು ಉದ್ದೇಶಿಸಿ ಹೇಳಿದ್ದೆಂಬುದನ್ನೂ, ಶೂದ್ರನಿಗೆ ಗಾರ್ಹಸ್ಥ್ಯವೊಂದೇ ಎಂದು ಹೇಳಿದವರು ಅನೇಕರಿದ್ದರೆಂಬುದನ್ನೂ ಇಲ್ಲಿ ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಆ ಗೆರೆಯನ್ನು ಕನ್ನಡ ನಾಡಿನ ಶರಣರೂ ದಾಸರೂ ನಾಥಪಂಥದವರೂ ಮಾನ್ಯ ಮಾಡಲಿಲ್ಲ. ಮನೆಯಲ್ಲಿದ್ದುಕೊಂಡೇ ಒಡೆತನವನ್ನು ಬಿಡುವ ಈ ವ್ರತಕ್ಕಂತೂ ಯಾವ ಪುರೋಹಿತನ ಅಪ್ಪಣೆಯೂ ಬೇಕಾಗಿಲ್ಲವಾದ್ದರಿಂದ, ಗುತ್ತಲಿನ ರೈತನಿಗೆ ಅದು ಮೇಲುಕೋಟೆಯ ವೈದಿಕನಿಗಿದ್ದಷ್ಟೇ ತೆರೆದಿದೆ.

ಮೇಲುಕೋಟೆಯ ಹೆಸರು ಬಂದುದರಿಂದ ಈ ಜಿಲ್ಲೆಯ ಅತ್ಯಂತ ಪ್ರಸಿದ್ಧ ಯತಿಯನ್ನು ನೆನೆಯದೆ ಮುಂದುವರಿಯುವಂತಿಲ್ಲ. ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ ತೊಂಡನೂರಿಗೆ ಬಂದು, ಮೇಲುಕೋಟೆಯಲ್ಲಿ ನೆಲೆಸಿ, ಅಲ್ಲಿಯ ಯತಿರಾಜ ಮಠಕ್ಕೆ ತಮ್ಮ ಬಿರುದನ್ನು ಬಿಟ್ಟುಹೋದ ರಾಮಾನುಜಾಚಾರ್ಯರು ಪೂರ್ವಾಶ್ರಮದಲ್ಲಿ ಗೃಹಸ್ಥರು. ಸಂಪ್ರದಾಯದ ಗುರುಪರಂಪರೆ ಹೇಳುವಂತೆ, ಪತ್ನಿಯ ಆಚಾರದ ಬಿಗುವಿನಿಂದ ಪೂಜ್ಯರಾದ ಭಾಗವತರಿಗೆ ಮನೆಯಲ್ಲಿ ಅವಮಾನವಾಗಲು, ಆಕೆಯನ್ನು ತವರಿನ ಶುಭಕಾರ್ಯದ ನೆವದಿಂದ ಕಳುಹಿಸಿಕೊಟ್ಟು, ಅತ್ತ ಆಕೆ ಹೋಗುತ್ತಲೇ ಇತ್ತ ಕಂಚಿಯ ವರದರಾಜನ ಸನ್ನಿಧಿಯಲ್ಲಿ ಅವರು ಸಂನ್ಯಾಸವನ್ನು ಸ್ವೀಕರಿಸಿದರು. ಸುಕ್ಕಿಲ್ಲ, ನರೆಯಿಲ್ಲ, ಮೊಮ್ಮಗನಿಲ್ಲ. ಮನುವಿನ ಮೂರು ಗುರುತುಗಳಲ್ಲಿ ಒಂದೂ ಇರಲಿಲ್ಲ. ಜಾಬಾಲದ ಬಾಗಿಲಿನಿಂದ ಹೊರಟವರು ಅವರು. ಅವರ ಮಹಿಮೆಗೆ ಕೈಮುಗಿಯುತ್ತಲೇ, ತವರಿನ ಹಾದಿಯಲ್ಲಿದ್ದ ಆ ಹೆಣ್ಣುಮಗಳ ವಿಷಯದಲ್ಲಿ ಕಥನಕಾರರು ತೋರಿದ ಮೌನ ನನಗೆ ಹಿಡಿಸುವುದಿಲ್ಲವೆಂದು ಹೇಳಿದರೆ ಭಕ್ತರು ಕ್ಷಮಿಸಬೇಕು. ಗಮನಿಸತಕ್ಕ ಸಂಗತಿಯೆಂದರೆ, ಹೀಗೆ ಮನೆಯನ್ನು ಬಿಟ್ಟ ಆಚಾರ್ಯರೇ ಮುಂದೆ ಸಂಪ್ರದಾಯದ ಹೊಣೆಯನ್ನು 74 ಮಂದಿ ಸಿಂಹಾಸನಾಧಿಪತಿಗಳಿಗೆ ವಹಿಸಿದಾಗ, ಆ ಗುರುಪೀಠಗಳು ಗೃಹಸ್ಥ ಮನೆತನಗಳಲ್ಲಿಯೇ ನೆಲೆನಿಂತುವು.

ಹೆಂಡತಿ ಮಕ್ಕಳ ಗತಿಯನ್ನು ನೋಡದೆ ಹೊರಡುವವನ ವಿಷಯದಲ್ಲಿ ಅರ್ಥಶಾಸ್ತ್ರಕಾರನಾದ ಕೌಟಿಲ್ಯನಿಗೆ ಕರುಣೆಯಿಲ್ಲ. ಈ ಗ್ರಂಥ ಬಹುಕಾಲ ಕಣ್ಮರೆಯಾಗಿದ್ದು, ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಮುದ್ರಿತವಾಯಿತೆಂಬುದನ್ನು ಮೈಸೂರಿನವರಾದ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದರ ಒಳಗೆ ಏನಿದೆಯೆಂದು ನೋಡುವವರು ಕಡಿಮೆ. ಮಕ್ಕಳಿಗೂ ಹೆಂಡತಿಗೂ ಜೀವನಕ್ಕೆ ಏರ್ಪಾಟು ಮಾಡದೆ ಪ್ರವ್ರಜ್ಯೆಗೆ ಹೊರಟವನಿಗೆ ಪೂರ್ವಸಾಹಸದಂಡವನ್ನು, ಎಂದರೆ 48ರಿಂದ 96 ಪಣಗಳ ವರೆಗಿನ ಜುಲ್ಮಾನೆಯನ್ನು, ಅಲ್ಲಿ ವಿಧಿಸಿದೆ. ಕಾಮದ ವಯಸ್ಸು ಕಳೆದವನು ಹೊರಡಬಹುದು, ಅದೂ ಧರ್ಮಸ್ಥರೆಂಬ ನ್ಯಾಯಾಧಿಕಾರಿಗಳನ್ನು ಕೇಳಿಕೊಂಡು. ಇಲ್ಲವಾದರೆ ಹಿಡಿದು ತಡೆಯಬೇಕು. ರಾಜ್ಯದ ಕಂದಾಯ ಕೊಡುವವರ ಸಂಖ್ಯೆ ಕುಗ್ಗೀತೆಂಬ ಸ್ವಾರ್ಥವೂ ಇದರ ಹಿಂದೆ ಇದ್ದೀತು. ಕಾರಣ ಏನೇ ಇರಲಿ, ದಂಡದ ಭಾರ ಬಿದ್ದದ್ದು ಸರಿಯಾದ ಹೆಗಲ ಮೇಲೆಯೇ.

ಇಷ್ಟೆಲ್ಲ ಎಚ್ಚರ ಏಕೆಂಬುದು ಸಂನ್ಯಾಸದ ವಿಧಿಯನ್ನು ನೋಡಿದರೆ ತಿಳಿಯುವುದು. ಹೊರಡುವವನು ಮೊದಲು ಎಂಟು ಶ್ರಾದ್ಧಗಳನ್ನು ಮಾಡುತ್ತಾನೆ: ದೇವ, ಋಷಿ, ದಿವ್ಯ, ಮನುಷ್ಯ, ಭೂತ, ಪಿತೃ, ಮಾತೃ ಎಂದು ಏಳು, ಎಂಟನೆಯದು ಆತ್ಮಶ್ರಾದ್ಧ, ತನಗೆ ತಾನೇ ಇಡುವ ಪಿಂಡ. ಬಳಿಕ ಕ್ಷೌರ, ವಿರಜಾಹೋಮ. ಅಲ್ಲಿಗೆ ಅಗ್ನಿಯ ಸಂಬಂಧ ತೀರಿತು. ನೀರಿನಲ್ಲಿ ನಿಂತು ಪ್ರೈಷಮಂತ್ರವನ್ನು ಉಚ್ಚರಿಸಿ, ತಾನು ಎಲ್ಲವನ್ನೂ ಬಿಟ್ಟೆನೆಂದು ಮೂರು ಸಲ ಸಾರಿ, ಸಕಲ ಭೂತಗಳಿಗೂ ತನ್ನಿಂದ ಅಭಯವೆಂದು ನುಡಿಯುತ್ತಾನೆ. ಶಿಖೆಯನ್ನೂ ಯಜ್ಞೋಪವೀತವನ್ನೂ ಏಕದಂಡಿಗಳು ಬಿಡುತ್ತಾರೆ, ಮೇಲುಕೋಟೆಯ ಸಂಪ್ರದಾಯದ ತ್ರಿದಂಡಿಗಳು ಉಳಿಸಿಕೊಳ್ಳುತ್ತಾರೆ. ಆ ಭೇದ ಮತಗಳಿಗೆ ಸೇರಿದ್ದು. ಉಟ್ಟದ್ದನ್ನೂ ಕಳಚಿ ಉತ್ತರ ದಿಕ್ಕಿಗೆ ಕೆಲವು ಹೆಜ್ಜೆ ನಡೆದವನನ್ನು ಗುರುವು ಹಿಂದಕ್ಕೆ ಕರೆದು, ಲೋಕಾನುಗ್ರಹಕ್ಕಾಗಿ ನಿಲ್ಲೆಂದು ಹೇಳಿ, ಕೌಪೀನ, ಕಾಷಾಯ, ದಂಡ, ಕಮಂಡಲುಗಳನ್ನು ಕೊಡುವುದು ಪದ್ಧತಿ.

ಆ ಪ್ರೈಷೋಚ್ಚಾರಣೆಯ ಕ್ಷಣದಲ್ಲಿ ಆತನು ವ್ಯವಹಾರದ ದೃಷ್ಟಿಯಲ್ಲಿ ಸತ್ತವನು. ಆತನ ಆಸ್ತಿ ಮಕ್ಕಳಿಗೆ ಇಳಿಯುವುದು. ಮುಂದೆ ಅಣ್ಣತಮ್ಮಂದಿರ ಸ್ವತ್ತಿನಲ್ಲಿ ಪಾಲು ಬರುವಂತಿದ್ದರೂ ಅದು ಆತನಿಗೆ ಬಾರದು. ಯತಿಯಾಗಿ ಆತನ ಬಳಿ ಉಳಿದ ಪುಸ್ತಕ, ಪಾದುಕೆಗಳಂಥ ವಸ್ತುಗಳು ಕೂಡ ಕೊನೆಯಲ್ಲಿ ಸಲ್ಲುವುದು ಮಗನಿಗಲ್ಲ, ಯೋಗ್ಯನಾದ ಶಿಷ್ಯನಿಗೆ. ಬರಿಯ ಕಾವಿ ಉಟ್ಟ ಮಾತ್ರಕ್ಕೆ ಈ ಫಲಗಳು ಬರುವುದಿಲ್ಲ, ವಿಧಿಗಳು ನಡೆದಿರಬೇಕೆಂದು ಈ ಕಾಲದ ನ್ಯಾಯಾಲಯಗಳೂ ಒಪ್ಪಿವೆ. ಮನೆಯ ಸಾಲಕ್ಕೆ ಹೆದರಿ ತೀರ್ಥಯಾತ್ರೆಗೆ ಹೊರಟವನು ಕಾವಿಯ ಬಣ್ಣದಿಂದಲೇ ಸಾಲಗಾರರನ್ನು ತಪ್ಪಿಸಿಕೊಳ್ಳಲಾರ.

ಹೀಗೆ ಸತ್ತವನು ಮರಳಿ ಬಂದರೆ? ದಿನವೂ ಭಿಕ್ಷೆಗೆ ನಿಂತು, ನಾಳೆಗೆಂದು ಹಿಡಿ ಅಕ್ಕಿ ಕೂಡಿಡದೆ, ಮಳೆಗಾಲದ ಚಾತುರ್ಮಾಸ್ಯವನ್ನು ಬಿಟ್ಟರೆ ಒಂದೆಡೆ ನಿಲ್ಲದೆ ಅಲೆಯುವ ಬಾಳು ಎಲ್ಲರ ಕೈಗೆ ಹತ್ತುವಂಥದ್ದಲ್ಲ. ಮೊಮ್ಮಗನ ಮುಖ ನೆನಪಾಗಿ, ಮಂಡಿನೋವು ಹೆಚ್ಚಾಗಿ, ಹಿಂದಿರುಗುವ ಮನಸ್ಸಾಗುವುದು ಅಸಂಭವವಲ್ಲ. ಶಾಸ್ತ್ರಕ್ಕೆ ಇದು ಗೊತ್ತಿತ್ತು. ಇಂಥವನಿಗೆ ಆರೂಢಪತಿತನೆಂದು ಹೆಸರಿಟ್ಟಿತು. ಪ್ರವ್ರಜ್ಯೆಯಿಂದ ಜಾರಿದವನು ಬದುಕಿರುವ ವರೆಗೆ ರಾಜನ ದಾಸನಾಗಿರತಕ್ಕದ್ದೆಂದು ಯಾಜ್ಞವಲ್ಕ್ಯಸ್ಮೃತಿ ವಿಧಿಸುವುದು. ವಿಜ್ಞಾನೇಶ್ವರನು ವ್ಯಾಖ್ಯಾನದಲ್ಲಿ ಆ ವಿಧಿಯನ್ನು ಪ್ರಾಯಶ್ಚಿತ್ತಕ್ಕೆ ಒಪ್ಪದವನಿಗೆ ಮಾತ್ರ ಅನ್ವಯಿಸುತ್ತಾನೆ. ನಮ್ಮ ದೃಷ್ಟಾಂತದ ವೃದ್ಧನಿಗೆ ಅನ್ವಯಿಸಿದರೆ, ಸಂನ್ಯಾಸದಿಂದ ತಿರುಗಿ ಬಂದ ಆತನಿಗೆ 5 ಎಕರೆಯ ಐದನೆಯ ಒಂದು ಪಾಲಾಗಲಿ, ಜಗುಲಿಯ ಮೂಲೆಯಾಗಲಿ ಹಕ್ಕಿನಿಂದ ದೊರೆಯುವುದಿಲ್ಲ. ಅದೇ ವೃದ್ಧನು ಕಾವಿಯುಡದೆ, ಬೀಗದ ಕೈಯನ್ನು ಮಗನಿಗೆ ಕೊಟ್ಟು ವೇದಸಂನ್ಯಾಸಿಕನ ರೀತಿಯಲ್ಲಿ ಮನೆಯಲ್ಲಿಯೇ ತಟಸ್ಥನಾಗಿದ್ದು, ಒಂದು ದಿನ ಸಹಿಸಲಾರದೆ ಬಿತ್ತನೆ ಕಬ್ಬಿನ ದರವನ್ನು ಕೇಳಿಬಿಟ್ಟರೆ, ಯಾವ ಸ್ಮೃತಿಯೂ ಅದಕ್ಕೆ ದಂಡ ವಿಧಿಸಿಲ್ಲ. ಮರುದಿನದಿಂದ ಮತ್ತೆ ಸುಮ್ಮನಿರಲು ಆತನಿಗೆ ಅವಕಾಶವುಂಟು.